ತೊಂಬತ್ತು ನಿಮಿಷದ ಉಪನ್ಯಾಸ, ನಾಲ್ಕು ನಿಮಿಷದ ಸಾರ

ಸಾಹಿತ್ಯ ಸಂಘಗಳಲ್ಲಾಗಲಿ ಕಾಲೇಜಿನ ಸಭಾಂಗಣಗಳಲ್ಲಾಗಲಿ ವಿದ್ವಾಂಸರೊಬ್ಬರು ಗಂಟೆಗೂ ಮೀರಿ ಆಡಿದ ಮಾತನ್ನು ವಿಡಿಯೊದಲ್ಲಿ ಹಿಡಿದಿಟ್ಟ ಮೇಲೆ, ಬಿಡುವಿಲ್ಲದವರೂ ನೋಡುವಂತೆ ಅದರಿಂದ ಚಿಕ್ಕದೊಂದು ರೂಪವನ್ನು ಸಿದ್ಧಪಡಿಸಿಕೊಡಿರೆಂಬ ಬೇಡಿಕೆ ಈಚೆಗೆ ತಪ್ಪದೆ ಬರುತ್ತದೆ. ಇದನ್ನು ಎಡಿಟಿಂಗ್ ಮೇಜಿನ ಕೆಲಸವೆಂದು ಭಾವಿಸುವುದು ವಾಡಿಕೆ. ಆದರೆ ಇದರ ಬಹುಭಾಗ ಕಾಗದದ ಮೇಲೆಯೇ ಮುಗಿಯತಕ್ಕದ್ದು. ಯಾವ ಮಾತು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ಟೈಮ್‌ಕೋಡ್ ಸಹಿತವಾಗಿ ಬರೆದಿಟ್ಟ ಸ್ಕ್ರಿಪ್ಟ್ ಕೈಗೆ ಬಂದ ಮೇಲೆ ಎಡಿಟರಿಗೆ ಉಳಿಯುವುದು ಕೈಚಳಕವೇ ಹೊರತು ವಿವೇಚನೆಯಲ್ಲ.

ಉದಾಹರಣೆಗೆ, ಬಯಲುಸೀಮೆಯ ಕೆರೆಗಳನ್ನು ಕುರಿತು ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸವೊಂದನ್ನು ತೆಗೆದುಕೊಳ್ಳೋಣ. ಅದರ ಅವಧಿ 1 ಗಂಟೆ 28 ನಿಮಿಷ. ಬೇಕಾದದ್ದು 4 ನಿಮಿಷ, ಅಂದರೆ 240 ಸೆಕೆಂಡು. ಮೊದಲು ಸಂಪೂರ್ಣ ಮಾತನ್ನು ಬರಹಕ್ಕಿಳಿಸಿ, ಪ್ರತಿ ಪರಿಚ್ಛೇದದ ಪಕ್ಕದಲ್ಲಿ ಅದು ಆರಂಭವಾಗುವ ಗಳಿಗೆಯನ್ನು ಗುರುತಿಸಬೇಕು. ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ದೀರ್ಘ ಚಿತ್ರೀಕರಣವನ್ನು ಅನೇಕ ಕ್ಯಾಮೆರಾಗಳು ಒಂದೇ ಫೈಲಿನಲ್ಲಿಡದೆ ತುಂಡುಮಾಡಿ ಇಡುತ್ತವೆ, ಮತ್ತು ಪ್ರತಿ ಫೈಲಿನ ಗಡಿಯಾರವೂ ಸೊನ್ನೆಯಿಂದಲೇ ಹೊರಡುತ್ತದೆ. ಈ ಉಪನ್ಯಾಸದ ಮೊದಲ ಫೈಲು 00:29:48ಕ್ಕೆ ಮುಗಿದದ್ದರಿಂದ, ಇಡೀ ಉಪನ್ಯಾಸದ ಲೆಕ್ಕದಲ್ಲಿ 00:41:52 ಎನಿಸುವ ಕ್ಷಣ ಎರಡನೆಯ ಫೈಲಿನಲ್ಲಿ 00:12:04 ಆಗಿತ್ತು. ಆದಕಾರಣ ಫೈಲುಗಳನ್ನು ಜೋಡಿಸಿದ ಬಳಿಕವೇ ಬರಹಕ್ಕೆ ತೊಡಗುವುದು ಕ್ಷೇಮ. ಅದಲ್ಲದೆ ಪ್ರತಿ ತುಂಡಿನ ಮೊದಲ ಮಾತನ್ನೂ ಕೊನೆಯ ಮಾತನ್ನೂ ಅಂಕಿಗಳ ಜೊತೆಗೆ ಬರೆದಿಟ್ಟರೆ, ಅಂಕಿ ಜಾರಿದ್ದಾಗ ಮಾತು ಅದನ್ನು ಒಡನೆಯೇ ಬಯಲು ಮಾಡುತ್ತದೆ.

ಆಯ್ಕೆಯ ಸಂದರ್ಭದಲ್ಲಿ ನಮ್ಮನ್ನು ಮೊದಲು ಸೆಳೆಯುವುದು ಚಪ್ಪಾಳೆ ಬಿದ್ದ ಎಡೆಗಳು. ಅವನ್ನೆಲ್ಲ ಹೆಕ್ಕಿ ಪೋಣಿಸಿದರೆ ದೊರೆಯುವುದು ಚಟಾಕಿಗಳ ಸಂಗ್ರಹವೇ ಹೊರತು ಉಪನ್ಯಾಸದ ಸಾರವಲ್ಲ. ವಕ್ತೃವು ಸಾಧಿಸಹೊರಟ ಮಾತು ಯಾವುದೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು, ಆ ವಾಕ್ಯಕ್ಕೆ ಆಧಾರವಾಗದ ತುಂಡು ಎಷ್ಟೇ ರಸವತ್ತಾಗಿದ್ದರೂ ಬಿಡುವ ಧೈರ್ಯ ಬೇಕು. ನಮ್ಮ ಇಂಜಿನಿಯರರ ವಾಕ್ಯ ಇದು: ಕೆರೆ ಬತ್ತುವುದಕ್ಕೆ ಹೂಳಿಗಿಂತಲೂ ಮಿಗಿಲಾದ ಕಾರಣ, ಅದಕ್ಕೆ ನೀರು ತರುವ ರಾಜಕಾಲುವೆ ಮುಚ್ಚಿಹೋಗಿರುವುದು. ಈ ಒರೆಗಲ್ಲಿಗೆ ಹಚ್ಚಿದಾಗ, ಸಭೆಯನ್ನು ನಗಿಸಿದ ಅವರ ಬಾಲ್ಯದ ಈಜಿನ ಪ್ರಸಂಗ ಹೊರಗುಳಿಯಿತು. ಯಾರೂ ಚಪ್ಪಾಳೆ ತಟ್ಟದ, ನೀರುಗಂಟಿಯ ಕರ್ತವ್ಯವನ್ನು ಶಾಂತವಾಗಿ ವಿವರಿಸಿದ ಭಾಗ ಒಳಗೆ ಬಂತು.

ಇನ್ನು ಕತ್ತರಿಸುವ ಬಿಂದುವಿನ ವಿಷಯ. ಈ ಉದ್ಯೋಗದ ಮರ್ಮವೆಲ್ಲ ಇಲ್ಲಿಯೇ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ವಾಕ್ಯದ ತೀರ್ಪು ಅದರ ಕೊನೆಯಲ್ಲಿರುತ್ತದೆ. ಕ್ರಿಯಾಪದವೂ ನಿಷೇಧವೂ, ಇದು ಪರರ ಮಾತೆಂದು ತಿಳಿಸುವ ‘ಎಂದು ಹೇಳುತ್ತಾರೆ’ ಎಂಬ ಸೂಚನೆಯೂ ಎಲ್ಲಕ್ಕಿಂತ ಕಡೆಗೆ ಬರುತ್ತವೆ. ಉಪನ್ಯಾಸದ 00:36:10ರಲ್ಲಿ ಇಂಜಿನಿಯರರು ಗಂಭೀರ ಸ್ವರದಲ್ಲಿ, ಹೂಳೊಂದನ್ನು ತೆಗೆದರೆ ಸಾಕು, ಕೆರೆ ತಾನಾಗಿ ತುಂಬುತ್ತದೆ, ಬೇರೆ ಯಾವ ಉಪಾಯವೂ ಬೇಕಿಲ್ಲ ಎಂದು ವಿಸ್ತಾರವಾಗಿ ನುಡಿಯುತ್ತಾರೆ. 00:36:31ರಲ್ಲಿ ಅವರು ನಿಂತು ನೀರು ಕುಡಿಯುತ್ತಾರೆ. ನೋಡುವ ಕಣ್ಣಿಗೆ ಕತ್ತರಿಸಲು ಇದಕ್ಕಿಂತ ಪ್ರಶಸ್ತವಾದ ಎಡೆ ಇನ್ನೊಂದಿಲ್ಲ. ಆದರೆ ಲೋಟವನ್ನು ಕೆಳಗಿಟ್ಟ ಮೇಲೆ ಅವರು ಮುಂದುವರಿಸುವುದು ಹೀಗೆ: “ಎಂದು ವಾದಿಸುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ.” ಒಪ್ಪದಿರುವ ಕಾರಣವೂ ಸೇರಿ ಆ ಮಾತು ಪೂರ್ಣವಾಗುವುದು 00:36:58ಕ್ಕೆ. ಇಪ್ಪತ್ತೇಳು ಸೆಕೆಂಡುಗಳನ್ನು ಉಳಿಸುವ ಆಸೆಯಿಂದ ಮೊದಲೇ ನಿಲ್ಲಿಸಿದ್ದಾದರೆ, ಆ ಹಿರಿಯರು ಜೀವಮಾನವೆಲ್ಲ ವಿರೋಧಿಸಿದ ಮತವನ್ನು ಅವರದೇ ಮುಖದಿಂದ, ಅವರದೇ ಕಂಠದಿಂದ ಆಡಿಸಿದಂತಾಗುತ್ತಿತ್ತು. ಹೀಗಾಗಿ ಯಾವ ತುಂಡನ್ನೇ ಆರಿಸಲಿ, ಅದರ ಹಿಂದಿನ ಹಾಗೂ ಮುಂದಿನ ಒಂದೊಂದು ನಿಮಿಷವನ್ನು ಕಿವಿಯಿಂದ ಕೇಳಿಯೇ ನಿರ್ಧರಿಸಬೇಕು; ಬರಹದ ಪ್ರತಿಯನ್ನಷ್ಟೇ ನಂಬಲಾಗದು.

ಆರಂಭದ ಬಿಂದುವಿಗೆ ಬೇರೊಂದು ತೊಡಕುಂಟು. “ಅದು ಮುಚ್ಚಿಹೋಗಿರುವುದೇ ಇದಕ್ಕೆಲ್ಲ ಮೂಲ” ಎಂಬ ಸೊಗಸಾದ ವಾಕ್ಯ 00:58:41ರಲ್ಲಿದೆ. ‘ಅದು’ ಎಂದರೆ ಯಾವುದೆಂಬುದು ಹೊಸದಾಗಿ ನೋಡುವವನಿಗೆ ತಿಳಿಯದು. ತೆರೆಯ ಮೇಲೆ ಒಂದು ಪದವನ್ನು ಬರೆದು ತೋರಿಸಿ ಈ ಕೊರತೆಯನ್ನು ತುಂಬಬಹುದಾದರೂ, ತುಸು ಹಿಂದಕ್ಕೆ ಹೋಗಿ ಅವರು ನಕ್ಷೆಯ ಕಡೆ ತಿರುಗಿ ರಾಜಕಾಲುವೆಯ ಹೆಸರೆತ್ತುವ 00:58:20ರಿಂದಲೇ ಆರಂಭಿಸುವುದು ಮೇಲು, ಏಕೆಂದರೆ ಆಗ ವಿವರಣೆ ಅವರದೇ ಆಗಿರುತ್ತದೆ.

ಹೀಗೆ ಸಿದ್ಧವಾದ ಸ್ಕ್ರಿಪ್ಟಿನ ರೂಪ ಇದು:

```
ಶೀರ್ಷಿಕೆ: ಹೆಸರು, ಸಂದರ್ಭ              6 ಸೆ.
1. 00:41:52–00:42:14  ಕೆರೆ ಬರಿದೇಕೆ?   22 ಸೆ.
2. 00:09:30–00:10:18  ಕೆರೆಗಳ ಸರಣಿ    48 ಸೆ.
3. 00:23:05–00:23:47  ನೀರುಗಂಟಿ       42 ಸೆ.
4. 00:36:10–00:36:58  ಹೂಳಿನ ವಾದ      48 ಸೆ.
5. 00:58:20–00:59:06  ರಾಜಕಾಲುವೆ      46 ಸೆ.
6. 01:21:33–01:22:01  ಮಾಡಬೇಕಾದ್ದು    28 ಸೆ.
```

ಒಟ್ಟು 240. ಮಳೆ ಬಂದ ವರ್ಷವೂ ನಿಮ್ಮೂರ ಕೆರೆ ಏಕೆ ಬರಿದಾಗಿತ್ತೆಂದು ಅವರು ನಡುವೆ ಕೇಳಿದ ಪ್ರಶ್ನೆಯನ್ನು ಮೊದಲಿಗೆ ತಂದಿರುವುದನ್ನು ಓದುಗರು ಗಮನಿಸಿರಬಹುದು. ಕ್ರಮವನ್ನು ಹೀಗೆ ಬದಲಿಸುವುದಕ್ಕೆ ಅವಕಾಶವುಂಟು, ಪ್ರಶ್ನೆಗೆ ಅವರೇ ಕೊಟ್ಟ ಉತ್ತರ ಮುಂದೆ ಬರುವುದಾದರೆ. ಒಂದು ಮಾತಿಗೆ ಬಿದ್ದ ಚಪ್ಪಾಳೆಯನ್ನು ತಂದು ಇನ್ನೊಂದು ಮಾತಿನ ಹಿಂದೆ ಅಂಟಿಸುವುದಕ್ಕೆ ಮಾತ್ರ ಎಂದೂ ಅವಕಾಶವಿಲ್ಲ. ಅದು ಸಭಿಕರ ಹೆಸರಿನಲ್ಲಿ ನುಡಿದ ಸುಳ್ಳು.

ಟೈಮ್‌ಕೋಡನ್ನು ಸೆಕೆಂಡಿಗೆ ಬರೆದರೂ ಕತ್ತರಿ ಬೀಳುವುದು ಅದಕ್ಕಿಂತ ಸೂಕ್ಷ್ಮವಾದ ಎಡೆಯಲ್ಲಿ. ನಮ್ಮ ಈ ಚಿತ್ರೀಕರಣದಲ್ಲಿ ಸೆಕೆಂಡಿಗೆ 25 ಫ್ರೇಮುಗಳಿದ್ದವು. ನಮ್ಮ ಮಾತಿನ ಪದಗಳು ಪ್ರಾಯಶಃ ಸ್ವರದಲ್ಲಿ ಮುಗಿಯುವುದರಿಂದಲೂ, ವಾಕ್ಯಾಂತ್ಯದಲ್ಲಿ ಆ ಸ್ವರ ಇಳಿಯುತ್ತ ಕ್ಷೀಣಿಸುವುದರಿಂದಲೂ, ತೆರೆಯ ಮೇಲಿನ ಧ್ವನಿರೇಖೆ ಚಪ್ಪಟೆಯಾದಂತೆ ಕಂಡ ಮೇಲೂ ಮಾತಿನ ಬಾಲ ಕೇಳುತ್ತಿರುತ್ತದೆ. ಕಣ್ಣಳತೆಯಲ್ಲಿ ಕತ್ತರಿಸಿದರೆ ‘ಇಲ್ಲ’ ಎಂಬುದು ಅರ್ಧಕ್ಕೇ ನುಂಗಿಹೋಗುತ್ತದೆ. ಆದ್ದರಿಂದ ಕೊನೆಯಲ್ಲಿ ಅರ್ಧ ಸೆಕೆಂಡಿನಷ್ಟು ಉಸಿರಿಗೆ ಎಡೆಗೊಡುವಂತೆ ಸ್ಕ್ರಿಪ್ಟಿನಲ್ಲೇ ಸೂಚಿಸಬೇಕು. ಎರಡು ತುಂಡುಗಳು ಕೂಡುವಲ್ಲಿ ವಕ್ತೃವಿನ ತಲೆ ಥಟ್ಟನೆ ನೆಗೆದಂತೆ ಕಾಣುವ ದೋಷಕ್ಕೆ, ಅವರು ತೋರಿಸಿದ ನಕ್ಷೆಯನ್ನೋ ಕೋಡಿಯ ಚಿತ್ರವನ್ನೋ ಆ ಸಂಧಿಯ ಮೇಲೆ ಕ್ಷಣಕಾಲ ಹಾಯಿಸುವುದು ಸುಲಭ ಪರಿಹಾರ.

ಕತ್ತರಿಸುವ ಮುನ್ನ ಸ್ಕ್ರಿಪ್ಟನ್ನು ವಕ್ತೃವಿಗೆ ಓದಿ ಹೇಳುವುದು ಸೌಜನ್ಯ ಮಾತ್ರವಲ್ಲ, ಅಗತ್ಯವೂ ಹೌದು. ನಮ್ಮ ಇಂಜಿನಿಯರರು ಮೂರನೆಯ ತುಂಡಿಗೆ ಒಂದು ವಾಕ್ಯ ಸೇರಬೇಕೆಂದರು. ನೀರುಗಂಟಿ ತೂಬೆತ್ತುವಾಗ ಕಡೆಯ ಗದ್ದೆಯವನನ್ನೂ ಮರೆಯುತ್ತಿರಲಿಲ್ಲವೆಂಬ ಆ ಮಾತು 00:23:56ಕ್ಕೆ ಮುಗಿಯುತ್ತದೆ. ಹೆಚ್ಚಿದ ಒಂಬತ್ತು ಸೆಕೆಂಡುಗಳನ್ನು ಎರಡನೆಯ ತುಂಡಿನಿಂದ ಇಳಿಸಬೇಕಾಯಿತು. ಅಲ್ಲಿ ಒಂದು ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವ ಬಗೆಯನ್ನು ಅವರು ಎರಡು ಸಲ ಹೇಳಿದ್ದುದರಿಂದ, ಎರಡನೆಯ ಸಲದ ಮಾತನ್ನು ಬಿಟ್ಟು 00:10:09ಕ್ಕೇ ನಿಲ್ಲಿಸಿ, ಪ್ರತಿಯನ್ನು ಎಡಿಟರ ಕೈಗೆ ಕೊಟ್ಟೆವು.