ಕಡಿಮೆ ದರಪಟ್ಟಿಗೆ ಉತ್ತರ: ಮುದ್ರಣೋದ್ಯಮದ ಒಂದು ನಿದರ್ಶನ

“ಇನ್ನೊಂದು ಮುದ್ರಣಾಲಯದವರು ಇದಕ್ಕಿಂತ ಕಡಿಮೆಗೆ ಒಪ್ಪಿದ್ದಾರೆ, ತಾವೂ ಅದೇ ದರಕ್ಕೆ ಮಾಡಿಕೊಡಬಹುದೇ?” ಎಂಬ ಪತ್ರ ಬಂದಾಗ ಮುದ್ರಕನು ಹೇಗೆ ಉತ್ತರಿಸಬೇಕೆಂಬುದನ್ನು ಒಂದು ಕಲ್ಪಿತ ಲೆಕ್ಕದ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ಎನ್.ಆರ್. ಕಾಲೋನಿಯ ಸಣ್ಣ ಮುದ್ರಣಾಲಯವೊಂದು ಡೆಮಿ 1/8 ಆಕಾರದ 256 ಪುಟಗಳ ಗ್ರಂಥದ 1000 ಪ್ರತಿಗಳಿಗೆ 94,000 ರೂಪಾಯಿ ಕೇಳಿದೆ ಎಂದಿಟ್ಟುಕೊಳ್ಳೋಣ. ಪ್ರತಿಸ್ಪರ್ಧಿಯ ದರ 80,000. ಉತ್ತರಿಸುವ ಮುನ್ನ ಆ ದರದ ವಿವರವನ್ನು ಗ್ರಾಹಕರಿಂದ ತರಿಸಿಕೊಳ್ಳಬೇಕು. ವಿವರವಿಲ್ಲದ ಎರಡು ಮೊತ್ತಗಳನ್ನು ಹೋಲಿಸಿ ಫಲವಿಲ್ಲ. ಇಲ್ಲಿ ಮೊದಲನೆಯದು 70 ಜಿಎಸ್‌ಎಂ ಕಾಗದ ಮತ್ತು ದಾರದ ಹೊಲಿಗೆ. ಎರಡನೆಯದು 60 ಜಿಎಸ್‌ಎಂ ಕಾಗದ ಮತ್ತು ಬರಿಯ ಅಂಟಿನ ಕಟ್ಟು.

ಗ್ರಂಥದಲ್ಲಿ 16 ಪುಟಗಳ 16 ಫಾರಂಗಳಿವೆ. ಹಾಳಾಗುವ ಕಾಗದವನ್ನು ಬಿಟ್ಟರೆ 16,000 ಹಾಳೆ, ಎಂದರೆ 32 ರೀಮು ಬೇಕು. 18×23 ಅಂಗುಲದ ಹಾಳೆಯ ರೀಮು 70 ಜಿಎಸ್‌ಎಂನಲ್ಲಿ ಸುಮಾರು 9.35 ಕಿಲೋ, 60ರಲ್ಲಿ ಸುಮಾರು 8 ಕಿಲೋ ತೂಗುತ್ತದೆ. ಒಟ್ಟು ವ್ಯತ್ಯಾಸ 43 ಕಿಲೋ. ಕಿಲೋಗೆ 100 ರೂಪಾಯಿಯಂತೆ ಹಿಡಿದರೆ 4,300. ಹೊಲಿಗೆಗೆ ಫಾರಂ ಒಂದಕ್ಕೆ 50 ಪೈಸೆ ಹೆಚ್ಚೆಂದರೆ 8,000. ಹೀಗೆ 14,000ದಲ್ಲಿ 12,300 ವಸ್ತುಭೇದದ್ದು; ನಿಜವಾದ ದರಭೇದ 1,700 ಮಾತ್ರ.

ಆದುದರಿಂದ ಉತ್ತರವು ಈ ರೀತಿ ಇರಬಹುದು: “ತಮ್ಮ ಪತ್ರ ತಲುಪಿತು. ಎರಡು ದರಗಳು ಒಂದೇ ವಸ್ತುವಿಗೆ ಹೇಳಿದವಲ್ಲ, ವಿವರವನ್ನು ಲಗತ್ತಿಸಿದ್ದೇವೆ. ಕಾಗದದ ಹಣವನ್ನು ಮುಂಗಡವಾಗಿ ಕೊಟ್ಟರೆ 1,700 ರೂಪಾಯಿ ಕಡಿಮೆ ಮಾಡುತ್ತೇವೆ. ತಮಗೆ ಹಗುರವಾದ ಕಾಗದವೂ ಅಂಟಿನ ಕಟ್ಟೂ ಸಾಕೆನಿಸಿದರೆ ಅದಕ್ಕೂ ಪ್ರತ್ಯೇಕ ದರ ಕೊಡುತ್ತೇವೆ. ಕಾಗದ ಬಂದಾಗ ತಾವೇ ರೀಮನ್ನು ತೂಗಿಸಿ ನೋಡಬಹುದು.”

ಇಲ್ಲಿ ಗುಣದ ಹೊಗಳಿಕೆಯಿಲ್ಲ, ಎದುರಾಳಿಯ ನಿಂದೆಯಿಲ್ಲ. ಗ್ರಾಹಕರೇ ಪರೀಕ್ಷಿಸಬಹುದಾದ ಸಂಗತಿ ಮಾತ್ರ ಇದೆ. ಅಂಟಿನ ಕಟ್ಟಿಗಾಗಿ ಫಾರಂಗಳ ಬೆನ್ನನ್ನು ಅರೆದುಹಾಕುವುದರಿಂದ, ಅಂಟು ಒಣಗಿ ಬಿರಿದಾಗ ಹಾಳೆಗಳು ಬಿಡಿಬಿಡಿಯಾಗಿ ಕಳಚುತ್ತವೆ. ಹೊಲಿದ ಪುಸ್ತಕಕ್ಕಾದರೆ ಮರುಕಟ್ಟು ಹಾಕಿಸಬಹುದು. ಅದೇ ಬಡಾವಣೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಂಥ ಗ್ರಂಥಭಂಡಾರಕ್ಕೆ ಸೇರಿ ಹಲವರ ಕೈಯಲ್ಲಿ ಓಡಾಡುವ ಪುಸ್ತಕಕ್ಕೆ ಈ ಭೇದ ಮುಖ್ಯ. ಒಂದು ಸಮಾರಂಭಕ್ಕೆ ಮಾತ್ರ ಬೇಕಾದ ಸ್ಮರಣಸಂಚಿಕೆಗೆ ಅದು ಅನಾವಶ್ಯಕ ವೆಚ್ಚವೇ ಸರಿ.

ಈ ವಾದಕ್ಕೆ ಮಿತಿಯೂ ಉಂಟು. ವಿವರಗಳು ಪೂರ್ಣವಾಗಿ ಒಂದೇ ಆಗಿದ್ದು ದರ ಮಾತ್ರ ಹೆಚ್ಚಾಗಿದ್ದರೆ, ಮುದ್ರಕನು ಮೊದಲು ತನ್ನ ಲೆಕ್ಕವನ್ನೇ ತಿದ್ದಿಕೊಳ್ಳಬೇಕು. ದರವನ್ನು ಸುಮ್ಮನೆ ಇಳಿಸಿ, ಬಳಿಕ ಹೇಳದೆ ಹಗುರವಾದ ಕಾಗದ ಹಾಕುವುದು ಮಾತ್ರ ಸಲ್ಲದು. ತಕ್ಕಡಿ ಅದನ್ನು ಹೊರಗೆಡಹುತ್ತದೆ.