ಫೈಲು ಹೋಗಿದ್ದು ಇನ್ನೊಂದು ಕೊಪ್ಪಕ್ಕೆ!

ಆಫರ್ ಲೆಟರ್‌ಗೆ ಸಹಿ ಹಾಕಿ ಕಳುಹಿಸಿದ್ದು ಫೆಬ್ರುವರಿ 10ಕ್ಕೆ. ಮಾರ್ಚ್ 17ಕ್ಕೆ ಸೇರಬೇಕಿತ್ತು. ಎರಡೇ ದಿನದಲ್ಲಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಪ್ಯಾನ್, ಆಧಾರ್ ಎಲ್ಲವನ್ನೂ ಅವರ ಪೋರ್ಟಲ್‌ಗೆ ಹಾಕಿದೆ. ಇದ್ದ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟೆ. ನೋಟಿಸ್ ಅವಧಿ 30 ದಿನ. ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ 'ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ ಮಾತ್ರ' ಎಂಬ ಸಾಲು ಇತ್ತು. ಓದಿದ್ದೆ, ಆದರೆ ಅದರ ತೂಕ ತಿಳಿದಿರಲಿಲ್ಲ.

ಎರಡು ವಾರ ಕಳೆದರೂ ಸದ್ದಿಲ್ಲ. ನನಗೆ ಸಂದರ್ಶನ ಏರ್ಪಡಿಸಿದ್ದ ಎಚ್‌ಆರ್ ಮೇಡಂಗೆ ದಿನ ಬಿಟ್ಟು ದಿನ ಮೆಸೇಜ್ ಮಾಡುತ್ತಿದ್ದೆ. 'ಪ್ರೋಸೆಸ್‌ನಲ್ಲಿದೆ' ಎಂಬುದೊಂದೇ ಉತ್ತರ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ನೇಮಕ ಮಾಡುವ ಎಚ್‌ಆರ್‌ನ ಕೆಲಸ ನಾವು ಆಫರ್ ಒಪ್ಪಿದ ದಿನವೇ ಹೆಚ್ಚುಕಡಿಮೆ ಮುಗಿದಿರುತ್ತದೆ. ಅಲ್ಲಿಂದ ಫೈಲು ಆನ್‌ಬೋರ್ಡಿಂಗ್ ತಂಡಕ್ಕೆ, ಅವರಿಂದ ಹೊರಗಿನ ಪರಿಶೀಲನಾ ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿಯವರು ಕೇಳಿದ ಪ್ರಶ್ನೆ ಆನ್‌ಬೋರ್ಡಿಂಗ್ ತಂಡದ ಪರದೆಯಲ್ಲಿ ಬಿದ್ದಿರುತ್ತದೆ. ನಾನು ಮಾತ್ರ ಮೊದಲನೆಯ ಬಾಗಿಲನ್ನೇ ತಟ್ಟುತ್ತಾ ನಿಂತಿದ್ದೆ.

ದಾರಿ ತೋರಿಸಿದ್ದು ನಮ್ಮ ಪಿಜಿಯಲ್ಲಿದ್ದ ಅಕ್ಕ ಒಬ್ಬರು. 'ನೀನು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಾಗ ಏಜೆನ್ಸಿಯಿಂದ ಒಂದು ಮೇಲ್ ಬಂದಿರುತ್ತೆ ನೋಡು, ಅದರಲ್ಲಿ ಕೇಸ್ ನಂಬರ್ ಇರುತ್ತೆ' ಎಂದರು. ಹುಡುಕಿದರೆ ಸ್ಪ್ಯಾಮ್ ಫೋಲ್ಡರಿನಲ್ಲಿತ್ತು! ಆ ನಂಬರ್ ಹಾಕಿ ಆನ್‌ಬೋರ್ಡಿಂಗ್ ತಂಡಕ್ಕೆ ಮೇಲ್ ಬರೆದೆ. 'ಏನಾಯಿತು' ಎಂದು ಕೇಳುವ ಬದಲು ಮೂರೇ ಪ್ರಶ್ನೆ ಕೇಳಿದೆ: ಯಾವ ಪರಿಶೀಲನೆ ಬಾಕಿ ಇದೆ? ಅದು ಯಾರ ಕೈಯಲ್ಲಿದೆ? ಯಾವ ದಿನದಿಂದ? ಮಾರನೇ ದಿನ ಮಧ್ಯಾಹ್ನವೇ ಉತ್ತರ ಬಂತು. ಶಿಕ್ಷಣ, ಗುರುತು, ನ್ಯಾಯಾಲಯದ ದಾಖಲೆ ಎಲ್ಲ ಹಸಿರು. ಬಾಕಿ ಎರಡು: ವಿಳಾಸ ಮತ್ತು ಹಿಂದಿನ ಉದ್ಯೋಗ. ಎರಡರ ಮುಂದೆಯೂ ಫೆಬ್ರುವರಿ 19ರಿಂದ 'ಇನ್‌ಸಫಿಶಿಯೆನ್ಸಿ' ಎಂದಿತ್ತು. ಅಂದರೆ ಮಾಹಿತಿ ಸಾಲದು, ಅಭ್ಯರ್ಥಿಯಿಂದ ಬರಬೇಕು. ಅವರು ನನಗಾಗಿ ಕಾಯುತ್ತಿದ್ದರು, ನಾನು ಅವರಿಗಾಗಿ.

ವಿಳಾಸದ ಕಥೆ ಕೇಳಿದರೆ ನಗು ಬರುತ್ತದೆ. ನಮ್ಮೂರು ಮದ್ದೂರು ತಾಲ್ಲೂಕಿನ ಕೊಪ್ಪ. ಆದರೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕೊಪ್ಪ ಇದೆ, ಅದು ತಾಲ್ಲೂಕು ಕೇಂದ್ರ. ಬೈಲಕುಪ್ಪೆಯ ಪಕ್ಕದಲ್ಲೊಂದು ಕೊಪ್ಪ, ಬೆಂಗಳೂರಿನ ಜಿಗಣಿ ಕಡೆ ಮತ್ತೊಂದು. ಪೋರ್ಟಲ್‌ನಲ್ಲಿ ಊರಿನ ಹೆಸರು ಟೈಪ್ ಮಾಡಿದ ಕೂಡಲೇ ಜಿಲ್ಲೆಯ ಜಾಗದಲ್ಲಿ ಅದೇ ಚಿಕ್ಕಮಗಳೂರು ಎಂದು ತುಂಬಿಕೊಂಡಿದೆ. ಪಿನ್‌ಕೋಡ್ ಸರಿಯಾಗಿ ಹಾಕಿದ್ದೆ, ಆದರೆ ಅದರ ಕೆಳಗಿನ ಸಾಲನ್ನು ನೋಡಿರಲಿಲ್ಲ. ಏಜೆನ್ಸಿ ಕೆಲಸ ಹಂಚಿದ್ದು ಜಿಲ್ಲೆ ನೋಡಿ. ಮಲೆನಾಡಿನ ಕೊಪ್ಪದಲ್ಲಿ ಯಾರೋ ನಮ್ಮ ಬೀದಿ ಹುಡುಕಿ, ಸಿಗದೆ, ಕೊಟ್ಟಿದ್ದ ಎರಡನೇ ನಂಬರಿಗೆ ಫೋನ್ ಮಾಡಿದ್ದಾರೆ. ಅದು ಅಪ್ಪನ ನಂಬರ್.

ಅಪ್ಪನನ್ನು ಕೇಳಿದೆ. 'ಅದ್ಯಾವನೋ ಆಧಾರು, ಮನೆ ವಿಳಾಸ ಅಂತ ಕೇಳ್ದ ಕಣವ್ವ. ದುಡ್ಡು ಕೀಳೋನು ಅನ್ಕಂಡು ಕಟ್ ಮಾಡ್ದೆ' ಎಂದರು. ತಪ್ಪು ಅವರದ್ದಲ್ಲ. ಅಂಥ ಫೋನ್ ಬಂದರೆ ಕಟ್ ಮಾಡು ಎಂದು ಹೇಳಿಕೊಟ್ಟವಳೇ ನಾನು. ಎರಡನೇ ನಂಬರ್ ಕೊಟ್ಟಾಗ ಮನೆಯವರಿಗೆ ಒಂದು ಮಾತು ತಿಳಿಸಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಜಿಲ್ಲೆ ತಿದ್ದಿಸಿದ ಮೇಲೆ ಏಜೆನ್ಸಿ ಈ ಸಲ ಆಳನ್ನು ಕಳುಹಿಸಲಿಲ್ಲ, ಮೊಬೈಲ್‌ಗೆ ಲಿಂಕ್ ಕಳುಹಿಸಿತು. ಮನೆಯ ಬಾಗಿಲಲ್ಲೇ ನಿಂತು ಅದನ್ನು ತೆರೆದು, ಮುಂಬಾಗಿಲು, ಬೀದಿ ಮತ್ತು ಗುರುತಿನ ಚೀಟಿಯ ಫೋಟೊ ತೆಗೆಯಬೇಕು. ಫೋಟೊ ಜತೆ ಫೋನ್ ಇರುವ ಜಾಗದ ಜಿಪಿಎಸ್ ಕೂಡ ಹೋಗುತ್ತದೆ. ಬೆಂಗಳೂರಿನ ಪಿಜಿಯಲ್ಲಿ ಕೂತು ಮಾಡುವಂತಿಲ್ಲ. ಲಿಂಕಿಗೆ 48 ಗಂಟೆ ಮಾತ್ರ ಆಯಸ್ಸು. ಶುಕ್ರವಾರ ಸಂಜೆ ಬಂದ ಲಿಂಕ್ ಹಿಡಿದುಕೊಂಡು ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ, ಮದ್ದೂರಿನಲ್ಲಿ ಇಳಿದು ಕೊಪ್ಪದ ಬಸ್ ಹಿಡಿದೆ. ಮೊದಲ ಸಲ ನಡುಮನೆಯೊಳಗೆ ತೆರೆದೆ. ಲೊಕೇಶನ್ ತಪ್ಪಿದೆ ಎಂದು ತಿರಸ್ಕಾರವಾಯಿತು. ಫೋನಿನ ಸೆಟ್ಟಿಂಗ್‌ನಲ್ಲಿ ನಿಖರವಾದ ಲೊಕೇಶನ್ ಆಯ್ಕೆ ಆನ್ ಮಾಡಿ, ಹೊರಗೆ ಬಂದು ಬಯಲಿನಲ್ಲಿ ಎರಡು ನಿಮಿಷ ನಿಂತ ಮೇಲೆ ಒಪ್ಪಿಕೊಂಡಿತು. ಎದುರುಮನೆ ಅಜ್ಜಿ 'ಬರೀ ಬಾಗ್ಲು ಫೋಟ ಯಾಕಮ್ಮಿ ತಗೀತಿದ್ದೀಯೆ?' ಎಂದು ಕೇಳಿದ್ದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಉದ್ಯೋಗದ ತೊಡಕು ಇದಕ್ಕಿಂತ ಗಂಭೀರ. ನಾನು ಮೊದಲು ಸೇರಿದ್ದು ಒಂದು ಸಣ್ಣ ಕಂಪನಿ. 2022ರ ಜುಲೈಯಿಂದ 2023ರ ಜನವರಿ 20ರವರೆಗೆ ಅಲ್ಲಿದ್ದೆ. ರಿಲೀವಿಂಗ್ ಲೆಟರ್ ಕೊಟ್ಟರು, ಆದರೆ ಪಿಎಫ್ ಖಾತೆಯಲ್ಲಿ ನಾನು ಬಿಟ್ಟ ದಿನವನ್ನು ನಮೂದಿಸಲಿಲ್ಲ. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ Service History ತೆರೆದರೆ ಆ ಕಂಪನಿಯ ಎದುರು Date of Exit ಖಾಲಿ. ಅದರ ಕೆಳಗೇ 2023ರ ಫೆಬ್ರುವರಿಯಿಂದ ಎರಡನೇ ಕಂಪನಿ. ನೋಡುವವರ ಕಣ್ಣಿಗೆ ಈ ಹುಡುಗಿ ಎರಡು ವರ್ಷದಿಂದ ಎರಡು ಕಡೆ ದುಡಿಯುತ್ತಿದ್ದಾಳೆ! ಕಂಪನಿಗಳು ಈ ವಿಷಯದಲ್ಲಿ ಎಷ್ಟು ಬಿಗಿ ಎಂದರೆ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದದ್ದಾಗಿ 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅವರೇ ಹೇಳಿದ್ದರು.

ಹಳೇ ಕಂಪನಿಗೆ ಫೋನ್ ಮಾಡಿದರೆ ಪಿಎಫ್ ನೋಡುತ್ತಿದ್ದವರು ಬಿಟ್ಟುಹೋಗಿದ್ದಾರೆ ಎಂದರು. ಅದೃಷ್ಟಕ್ಕೆ, ಕಂಪನಿ ಮಾಡದಿದ್ದರೆ ನಾವೇ ಮಾಡಬಹುದು. ಆ ಕಂಪನಿ ಕೊನೆಯ ಕಂತು ಕಟ್ಟಿ ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. Manage ಎಂಬಲ್ಲಿ Mark Exit ಒತ್ತಿ, ಹಳೆಯ ಕಂಪನಿಯನ್ನು ಆರಿಸಿ, ದಿನಾಂಕ ಮತ್ತು ಕಾರಣ ಕೊಟ್ಟರೆ ಒಟಿಪಿ ಬರುತ್ತದೆ. ಇಲ್ಲಿ ಅವಸರ ಕೂಡದು. ಕೊನೆಯ ಕಂತು ಯಾವ ತಿಂಗಳದ್ದೋ ಆ ತಿಂಗಳೊಳಗಿನ ದಿನಾಂಕವನ್ನೇ ಕೊಡಬೇಕು, ಒಮ್ಮೆ ಕೊಟ್ಟರೆ ತಿದ್ದಿಸುವುದು ಕಷ್ಟ. ಜನವರಿ 31 ಎಂದು ಹಾಕಲು ಹೊರಟಿದ್ದ ನಾನು ರಿಲೀವಿಂಗ್ ಲೆಟರ್ ತೆಗೆದು ನೋಡಿ 20 ಎಂದು ಹಾಕಿದೆ. ಪತ್ರದಲ್ಲೊಂದು, ಪಿಎಫ್‌ನಲ್ಲೊಂದು ದಿನಾಂಕ ಇದ್ದಿದ್ದರೆ ಅದೇ ಇನ್ನೊಂದು ಪ್ರಶ್ನೆಯಾಗುತ್ತಿತ್ತು. ಎರಡು ದಿನಕ್ಕೆ ಖಾಲಿ ಜಾಗ ತುಂಬಿತು. ಆ ಪುಟ, ರಿಲೀವಿಂಗ್ ಲೆಟರ್, ಕೊನೆಯ ತಿಂಗಳ ಪೇಸ್ಲಿಪ್ ಮೂರನ್ನೂ ಒಂದೇ ಪಿಡಿಎಫ್ ಮಾಡಿ, ಅದೇ ಹಳೆಯ ಮೇಲ್‌ನ ಕೆಳಗೆ ಕಳುಹಿಸಿದೆ. ಹೊಸ ಮೇಲ್ ಶುರು ಮಾಡಿದರೆ ಹಿಂದಿನ ಕಥೆಯನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಆಗುವಾಗ ನನ್ನ ನೋಟಿಸ್ ಅವಧಿ ಓಡುತ್ತಲೇ ಇತ್ತು. ಮಾರ್ಚ್ 14ಕ್ಕೆ ಇದ್ದ ಕಂಪನಿಯಲ್ಲಿ ಕೊನೆಯ ದಿನ. ಹಸಿರು ನಿಶಾನೆ ಸಿಗದಿದ್ದರೆ ಎರಡೂ ಕಡೆ ಇಲ್ಲ. ಕೆಲವು ಕಂಪನಿಗಳು ಪರಿಶೀಲನೆ ನಡೆಯುತ್ತಿರುವಾಗಲೇ ಸೇರಿಸಿಕೊಳ್ಳುತ್ತವೆ, ನನ್ನದು ಹಾಗಿರಲಿಲ್ಲ. ಇದನ್ನು ನಾನು ರಾಜೀನಾಮೆ ಕೊಡುವ ಮುಂಚೆ ಕೇಳಬೇಕಿತ್ತು, ಕೇಳಿದ್ದು ಮಾರ್ಚ್ 5ಕ್ಕೆ. ಒಂದು ಪಕ್ಷ ತಡವಾದರೆ ಸೇರುವ ದಿನವನ್ನು ಮುಂದಕ್ಕೆ ಹಾಕಿ ಲಿಖಿತವಾಗಿ ಕೊಡಿ ಎಂದು ಅಂದೇ ಮೇಲ್ ಮಾಡಿದೆ. ಮೂರು ದಿನಕ್ಕೆ ಒಪ್ಪಿಗೆ ಬಂತು, ಆ ಮೇಲೆಯೇ ರಾತ್ರಿ ನಿದ್ದೆ ಬಂದಿದ್ದು. ಅದರ ಅಗತ್ಯ ಬೀಳಲಿಲ್ಲ. 13ರ ಸಂಜೆ ಪರಿಶೀಲನೆ ಮುಗಿದಿದೆ ಎಂದು ಎರಡು ಸಾಲಿನ ಮೇಲ್ ಬಂತು.

17ಕ್ಕೆ ಹೋಗಿ ಸೇರಿದೆ. ಮೊದಲ ದಿನವೇ ಸಂಬಳದ ಖಾತೆಗೆ ಅರ್ಜಿ ತುಂಬಿಸಿದರು. ಊರು ಎಂಬಲ್ಲಿ ಕೊಪ್ಪ ಎಂದು ಟೈಪ್ ಮಾಡಿದೆ. ಜಿಲ್ಲೆಯ ಜಾಗದಲ್ಲಿ ಮತ್ತೆ ಚಿಕ್ಕಮಗಳೂರು.