ಕಂಬದ ತಲೆಯ ಮೇಲೆ ಏರುವ ಮೊಮೆಂಟ್: ನಂಬುವುದೆಷ್ಟು, ಬಿಡುವುದೆಷ್ಟು?

ತೊಲೆಗಳ ಆಸರೆಯಿಲ್ಲದೆ ನೇರವಾಗಿ ಕಂಬಗಳ ಮೇಲೆ ಕೂರುವ ಕಾಂಕ್ರೀಟ್ ಚಾವಣಿಗೆ ಫ್ಲಾಟ್ ಸ್ಲ್ಯಾಬ್ ಎನ್ನುತ್ತಾರೆ. ವಾಹನ ನಿಲುಗಡೆಯ ಮಹಡಿಗಳಲ್ಲಿ, ಕಚೇರಿ ಕಟ್ಟಡಗಳಲ್ಲಿ ಇದು ಸಾಮಾನ್ಯ. ಇದರ ಲೆಕ್ಕವನ್ನು ಈಗ ಹೆಚ್ಚಾಗಿ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಮಾಡುತ್ತದೆ. ಅದು ಸ್ಲ್ಯಾಬನ್ನು ಸಣ್ಣ ಸಣ್ಣ ತುಂಡುಗಳ ಜಾಲವಾಗಿ ಒಡೆದು, ಪ್ರತಿ ತುಂಡಿನಲ್ಲೂ ಬೆಂಡಿಂಗ್ ಮೊಮೆಂಟ್ ಎಷ್ಟೆಂದು, ಅಂದರೆ ಸ್ಲ್ಯಾಬನ್ನು ಬಗ್ಗಿಸುವ ಪ್ರಭಾವ ಎಷ್ಟೆಂದು, ಬಣ್ಣದ ನಕ್ಷೆಯಲ್ಲಿ ತೋರಿಸುತ್ತದೆ. ನಕ್ಷೆಯ ಬಹುಭಾಗ ತಣ್ಣಗಿರುತ್ತದೆ. ಕಂಬದ ತಲೆಯ ಮೇಲೆ ಮಾತ್ರ ಕಡುಗೆಂಪು ಚುಕ್ಕೆಯೊಂದು ಕಾಣುತ್ತದೆ, ಅಲ್ಲಿನ ಅಂಕಿ ಸುತ್ತಲಿನದಕ್ಕಿಂತ ಹಲವು ಪಟ್ಟು ದೊಡ್ಡದು. ಆ ಅಂಕಿಗೆ ತಕ್ಕಂತೆ ಕಂಬಿ ಹಾಕಲು ಹೊರಟರೆ ಸ್ಲ್ಯಾಬಿನಲ್ಲಿ ಜಾಗವೇ ಸಾಲದು. ಅದನ್ನು ಪೂರ್ತಿ ಕಡೆಗಣಿಸಿದರೆ ಕಂಬದ ಸುತ್ತ ಮೇಲ್ಮೈಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಆ ಅಂಕಿಯಲ್ಲಿ ನಿಜವೆಷ್ಟು, ಲೆಕ್ಕದ ವಿಧಾನದಿಂದ ಹುಟ್ಟಿದ್ದೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ.

ಒಂದು ಸ್ಲ್ಯಾಬನ್ನೇ ಹಿಡಿದು ನೋಡಬಹುದು. ಕಂಬದಿಂದ ಕಂಬಕ್ಕೆ ಎರಡೂ ದಿಕ್ಕಿನಲ್ಲಿ 6 ಮೀಟರ್ ದೂರ, ಕಂಬಗಳು 450 ಮಿಲಿಮೀಟರ್ ಚೌಕ, ಸ್ಲ್ಯಾಬಿನ ದಪ್ಪ 200 ಮಿಲಿಮೀಟರ್, ಕಾಂಕ್ರೀಟ್ ಎಂ25, ಕಂಬಿ ಎಫ್‌ಇ500. ಸ್ವಂತ ತೂಕ, ನೆಲಹಾಸು, ಅಡ್ಡಗೋಡೆ, ಜನರ ಭಾರ ಎಲ್ಲ ಸೇರಿ ಚದರ ಮೀಟರಿಗೆ 10 ಕಿಲೋನ್ಯೂಟನ್. ಸುರಕ್ಷತೆಯ ಗುಣಕ 1.5 ಹಾಕಿದರೆ 15. ಒಳಗಿನ ಒಂದು ಕಂಬ 36 ಚದರ ಮೀಟರಿನ ಭಾರ ಹೊರುವುದರಿಂದ ಅದಕ್ಕೆ ಇಳಿಯುವುದು 540 ಕಿಲೋನ್ಯೂಟನ್. ನಕ್ಷೆಯ ಬಣ್ಣ ನೋಡುವ ಮೊದಲು ಸಾಫ್ಟ್‌ವೇರ್ ಕೊಟ್ಟ ಕಂಬದ ಪ್ರತಿಕ್ರಿಯೆ ಇದಕ್ಕೆ ಹತ್ತಿರವಿದೆಯೇ ಎಂದು ನೋಡಿಕೊಳ್ಳಬೇಕು. ಅದೇ ತಾಳೆಯಾಗದಿದ್ದರೆ ಭಾರ ಕೊಟ್ಟಿದ್ದರಲ್ಲೋ ಆಸರೆ ಜೋಡಿಸಿದ್ದರಲ್ಲೋ ತಪ್ಪಿದೆ, ಮೊಮೆಂಟಿನ ಮಾತು ಆಮೇಲಿನದು.

ಸಾಮಾನ್ಯ ಮಾದರಿಯಲ್ಲಿ ಕಂಬ ಎಂದರೆ ಒಂದು ಗೆರೆ. ಅದು ಸ್ಲ್ಯಾಬಿಗೆ ತಾಗುವುದು ಒಂದೇ ಬಿಂದುವಿನಲ್ಲಿ. ಅಂದರೆ 540 ಕಿಲೋನ್ಯೂಟನ್ ಇಡಿಯಾಗಿ ಅಗಲವೇ ಇಲ್ಲದ ಜಾಗದಿಂದ ಮೇಲಕ್ಕೆ ಒತ್ತುತ್ತದೆ. ತೆಳು ಫಲಕದ ಸಿದ್ಧಾಂತದ ಪ್ರಕಾರ ಇಂಥ ಬಿಂದುವಿನಲ್ಲಿ ಮೊಮೆಂಟಿಗೆ ಮಿತಿಯೇ ಇಲ್ಲ, ಬಿಂದುವಿಗೆ ಹತ್ತಿರವಾದಷ್ಟೂ ಅದು ದೂರದ ಲಾಗರಿದಮ್ಮಿನಂತೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಸಾಫ್ಟ್‌ವೇರ್ ಇಲ್ಲಿ ತಪ್ಪು ಲೆಕ್ಕ ಮಾಡುತ್ತಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಅನಂತ, ಜಾಲದ ತುಂಡು ಎಷ್ಟು ಸಣ್ಣದೋ ಅಷ್ಟರ ಮಟ್ಟಿಗೆ ಅದು ಆ ಉತ್ತರದ ಕಡೆಗೆ ನಡೆಯುತ್ತದೆ.

ಈ ನಡಿಗೆಯ ಹೆಜ್ಜೆಯನ್ನು ಮೊದಲೇ ಅಳೆಯಬಹುದು. ಜಾಲದ ತುಂಡಿನ ಅಳತೆಯನ್ನು ಅರ್ಧ ಮಾಡಿದಾಗಲೆಲ್ಲ ಕಂಬದ ನೆತ್ತಿಯ ಮೊಮೆಂಟಿಗೆ ಸೇರುವ ಮೊತ್ತ ಸರಿಸುಮಾರು ಇಷ್ಟು:

```
(1 + 0.2) × 540 × ln 2 / (4π) = 35.7
```

ಇಲ್ಲಿನ 0.2 ಕಾಂಕ್ರೀಟಿನ ಪಾಯ್ಸನ್ ಅನುಪಾತ. ಉತ್ತರ ಮೀಟರ್ ಅಗಲಕ್ಕೆ ಇಷ್ಟು ಕಿಲೋನ್ಯೂಟನ್-ಮೀಟರ್ ಎಂಬ ಲೆಕ್ಕದಲ್ಲಿದೆ. 500 ಮಿಲಿಮೀಟರಿನ ಜಾಲದಲ್ಲಿ 115 ಬಂದಿತ್ತು ಎಂದಿಟ್ಟುಕೊಂಡರೆ, 250ರ ಜಾಲದಲ್ಲಿ ಅದು 151ರ ಆಸುಪಾಸಿಗೂ 125ರ ಜಾಲದಲ್ಲಿ 187ರ ಆಸುಪಾಸಿಗೂ ಏರುತ್ತದೆ. ರೋಗ ಗುರುತಿಸುವ ಪರೀಕ್ಷೆ ಇದೇ. ಒಳ್ಳೆಯ ಉತ್ತರವಾದರೆ ಜಾಲ ಸಣ್ಣದಾದಂತೆ ಏರಿಕೆ ಕಡಿಮೆಯಾಗಿ ಅಂಕಿ ಒಂದು ಕಡೆ ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ಅಳತೆಯ ಹೆಜ್ಜೆಯಲ್ಲಿ ಏರಿದರೆ ಅದು ಬಿಂದು ಆಸರೆಯಿಂದ ಹುಟ್ಟಿದ ಅಂಕಿ. ಕಾಂಕ್ರೀಟ್ ಗೋಡೆಯ ತುದಿಗಳಲ್ಲೂ ಇಂಥ ಮೊನೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಗುರುತೂ ಇದೆ. ಸಾಫ್ಟ್‌ವೇರ್ ಮೊಮೆಂಟನ್ನು ಪ್ರತಿ ತುಂಡಿನ ಒಳಗೆ ಲೆಕ್ಕ ಹಾಕಿ ಮೂಲೆಗಳಿಗೆ ಹಿಗ್ಗಿಸುತ್ತದೆ. ನಾಲ್ಕು ತುಂಡುಗಳು ಕೂಡುವ ಮೂಲೆಯಲ್ಲಿ ಸಿಗುವ ನಾಲ್ಕು ಉತ್ತರಗಳ ಸರಾಸರಿಯನ್ನು ಬಣ್ಣವಾಗಿ ಬಳಿಯುತ್ತದೆ. ಈ ಸರಾಸರಿಯ ಆಯ್ಕೆಯನ್ನು ಆರಿಸಿ ನೋಡಿದರೆ ಸ್ಲ್ಯಾಬಿನ ನಡುವೆ ಅಕ್ಕಪಕ್ಕದ ತುಂಡುಗಳು ಒಂದಕ್ಕೊಂದು ಒಪ್ಪುತ್ತವೆ, ಕಂಬದ ಬಳಿ ಮಾತ್ರ ದೊಡ್ಡ ಅಂತರ ಕಾಣುತ್ತದೆ. ಅಂತರ ದೊಡ್ಡದಿದ್ದಲ್ಲಿ ಆ ಒಂದು ಬಿಂದುವಿನ ಅಂಕಿಯನ್ನು ವಿನ್ಯಾಸಕ್ಕೆ ಬಳಸಬಾರದು.

ನಿಜವಾದ ಕಂಬಕ್ಕೆ ಅಗಲವಿದೆ. ಅದೇ 540 ಕಿಲೋನ್ಯೂಟನ್ 450 ಮಿಲಿಮೀಟರ್ ಚೌಕದ ಮೇಲೆ ಹರಡಿದೆ ಎಂದು ಲೆಕ್ಕ ಹಾಕಿದರೆ ಮೊಮೆಂಟ್ ಅನಂತದಿಂದ ಇಳಿದು ಕಂಬದ ನಡುವಿನಲ್ಲಿ ಸುಮಾರು 120ಕ್ಕೆ ಬಂದು ನಿಲ್ಲುತ್ತದೆ. ಕಂಬದ ಮುಖದ ಹತ್ತಿರ ಅದು ಸುಮಾರು 85. ಆದರೆ ಸ್ಲ್ಯಾಬ್ ಕಂಬದ ನಡುವಿನಲ್ಲಿ ಮುರಿಯುವುದಿಲ್ಲ, ಅಲ್ಲಿ ಸ್ಲ್ಯಾಬೂ ಕಂಬವೂ ಒಂದಾಗಿ ಮೀಟರುಗಟ್ಟಲೆ ಆಳದ ಕಾಂಕ್ರೀಟಾಗಿರುತ್ತವೆ. ಬಗ್ಗುವುದು ಕಂಬದ ಮುಖದಲ್ಲಿ. ಆದ್ದರಿಂದ ಓದಬೇಕಾದ ಮೊಮೆಂಟೂ ಮುಖದ ಗೆರೆಯದ್ದೇ. ಕೆಲವರು ಕಂಬದ ಮೇಲಿನ ಚೌಕವನ್ನು ಮಾದರಿಯಲ್ಲಿ ತುಂಬ ಗಡುಸು ಮಾಡಿ ಇದನ್ನು ಸಾಧಿಸುತ್ತಾರೆ. ಅದು ಒಳ್ಳೆಯ ಉಪಾಯವೇ. ಆದರೆ ಪೂರ್ತಿ ಬಗ್ಗದ ಚೌಕ ಇಟ್ಟರೆ ಹೊಸ ಮೊನೆಗಳು ಆ ಚೌಕದ ನಾಲ್ಕು ಮೂಲೆಗಳಲ್ಲಿ ಏಳುತ್ತವೆ ಎಂಬುದು ನೆನಪಿರಬೇಕು.

ಬಿಂದುವಿನ ಅಂಕಿ ನಂಬಲಾಗದ್ದಾದರೂ ಒಂದು ಗೆರೆಯ ಉದ್ದಕ್ಕೂ ಕೂಡಿದ ಒಟ್ಟು ಮೊಮೆಂಟ್ ನಂಬಲರ್ಹ. ಲಾಗರಿದಮ್ಮಿನ ಮೊನೆ ಎತ್ತರವಾದರೂ ಬಲು ತೆಳು, ಅದರ ಕೆಳಗಿನ ವಿಸ್ತೀರ್ಣಕ್ಕೆ ಮಿತಿಯಿದೆ. ಜಾಲ ಸಣ್ಣದು ಮಾಡಿದಾಗ ಮೊನೆ ಏರುತ್ತದೆ, ಒಟ್ಟು ಮಾತ್ರ ಅಲುಗುವುದಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ಭಾರದ ಸಮತೋಲನ. ಎಲ್ಲ ಅಂಕಣಗಳೂ ಒಂದೇ ಸಮನೆ ಭಾರ ಹೊತ್ತಾಗ 6 ಮೀಟರ್ ಅಗಲದ ಅಂಕಣದಲ್ಲಿ ಕಂಬದ ನಡುಗೆರೆಯ ಒಟ್ಟು ಋಣ ಮೊಮೆಂಟ್ 270 ಕಿಲೋನ್ಯೂಟನ್-ಮೀಟರ್, ಅಂಕಣದ ನಡುವಿನ ಧನ ಮೊಮೆಂಟ್ 135. ಕಂಬದ ಮುಖಕ್ಕೆ ಬಂದರೆ 270 ಎಂಬುದು 211ಕ್ಕೆ ಇಳಿಯುತ್ತದೆ. 211ಕ್ಕೆ 135 ಸೇರಿದರೆ 346. ನಮ್ಮ ಐಎಸ್ 456 ಸಂಹಿತೆ ಕೈಲೆಕ್ಕಕ್ಕೆ ಕೊಡುವ ಸೂತ್ರದಲ್ಲಿ, ಮುಖದಿಂದ ಮುಖಕ್ಕೆ 5.55 ಮೀಟರ್ ಇಟ್ಟರೆ ಬರುವ ಒಟ್ಟು ಮೊಮೆಂಟೂ ಇದೇ:

```
15 × 6 × 5.55² / 8 = 346.5
```

ಸಾಫ್ಟ್‌ವೇರಿನಲ್ಲಿ ಕಂಬದ ಮುಖದ ಗೆರೆಗೂ ಅಂಕಣದ ನಡುಗೆರೆಗೂ ಒಂದೊಂದು ಛೇದ ಎಳೆದು ಮೊಮೆಂಟನ್ನು ಕೂಡಿಸಿದಾಗ ಎರಡರ ಮೊತ್ತ ಇದಕ್ಕೆ ಹತ್ತಿರವಿರಬೇಕು. ಇರದಿದ್ದರೆ ಜಾಲ ತೀರ ಒರಟಾಗಿರಬಹುದು, ಇಲ್ಲವೇ ಛೇದ ತಪ್ಪು ಜಾಗದಲ್ಲಿರಬಹುದು. ಇದನ್ನು ಪರೀಕ್ಷಿಸಲು ಕೆಲವೇ ನಿಮಿಷ ಸಾಕು, ಆದರೂ ಹೆಚ್ಚು ಕಡೆ ಬಿಟ್ಟುಹೋಗುವುದು ಇದೇ.

ಒಟ್ಟು ಸಿಕ್ಕ ಮೇಲೆ ಅದನ್ನು ಹಂಚಬೇಕು. ಸಂಹಿತೆಯ ಹಂಚಿಕೆಯಲ್ಲಿ 346.5ರ ಶೇಕಡಾ 65, ಅಂದರೆ 225, ಕಂಬದ ಮೇಲಿನ ಋಣ ಮೊಮೆಂಟ್. ಅದರ ಮುಕ್ಕಾಲು ಪಾಲು, 169, ಕಂಬದ ಗೆರೆಯ ಇಕ್ಕೆಲಗಳಲ್ಲಿ ಒಂದೂವರೆ ಮೀಟರಿನಂತೆ ಹಬ್ಬಿದ 3 ಮೀಟರಿನ ಪಟ್ಟಿಗೆ ಸೇರುತ್ತದೆ. ಮೀಟರಿಗೆ 56 ಆಯಿತು. ಇದಕ್ಕೆ ಮೀಟರಿಗೆ ಸುಮಾರು 880 ಚದರ ಮಿಲಿಮೀಟರ್ ಕಂಬಿ ಬೇಕು, 12 ಎಂಎಂ ಕಂಬಿಯನ್ನು 125 ಮಿಲಿಮೀಟರಿಗೊಂದರಂತೆ ಕಟ್ಟಿದರೆ ಸಾಕು. ಅದೇ 187ನ್ನು ನಂಬಿ ಹೊರಟಿದ್ದರೆ ಈ ದಪ್ಪದ ಸ್ಲ್ಯಾಬ್ ಅದನ್ನು ಹೊರಲಾರದು. ಒಂಟಿ ಪದರದ ಕಂಬಿಯಿಂದ ಇದು ತಡೆಯಬಲ್ಲ ಮಿತಿಯೇ 90ರಷ್ಟು. ಸಾಫ್ಟ್‌ವೇರ್ ಕೆಂಪು ಎಚ್ಚರಿಕೆ ಕೊಡುತ್ತದೆ, ಅದನ್ನು ಕಂಡು ಇಡೀ ಮಹಡಿಯ ದಪ್ಪ ಹೆಚ್ಚಿಸುವುದು ದುಬಾರಿಯ ತಪ್ಪು.

ಮೊನೆಯನ್ನು ಹೀಗೆ ಅಗಲಕ್ಕೆ ಹರಡುವುದಕ್ಕೆ ಭೌತಿಕ ಆಧಾರವಿದೆ. ಕಂಬದ ಹತ್ತಿರದ ಕಾಂಕ್ರೀಟ್ ಮೊದಲು ಬಿರುಕು ಬಿಟ್ಟು ಅಲ್ಲಿನ ಗಡುಸುತನ ಇಳಿಯುತ್ತದೆ, ಭಾರ ಪಕ್ಕದ ಭಾಗಕ್ಕೆ ಸರಿಯುತ್ತದೆ. ಕಂಬಿ ಮುರಿಯದೆ ಹಿಗ್ಗಬಲ್ಲದು ಎಂಬುದೇ ಇದಕ್ಕೆ ಬುನಾದಿ. ಆದರೆ ಹರಡುವುದಕ್ಕೂ ಮಿತಿ ಬೇಕು. 6 ಮೀಟರ್ ಪೂರ್ತಿ ಸರಾಸರಿ ಮಾಡಿದರೆ ಕಂಬದ ಬಳಿ ಕಂಬಿ ತೀರ ತೆಳುವಾಗಿ, ದಿನಬಳಕೆಯ ಭಾರಕ್ಕೇ ಬಿರುಕು ಅಗಲವಾಗುತ್ತದೆ. 3 ಮೀಟರಿನೊಳಗೂ ಕಂಬದ ಮೇಲೆ ದಟ್ಟವಾಗಿ, ಅಂಚಿಗೆ ವಿರಳವಾಗಿ ಕಟ್ಟುವುದು ಮೇಲು. ಯೂರೋಪಿನ ಯೂರೋಕೋಡ್ 2 ಒಳಗಿನ ಕಂಬಗಳಿಗೆ ಮೇಲ್ಕಂಬಿಯ ಅರ್ಧವನ್ನು ಅಂಕಣದ ಕಾಲು ಅಗಲದಲ್ಲೇ ಇಡಬೇಕೆನ್ನುತ್ತದೆ. ಇಲ್ಲಿ ಅದು ಕಂಬದ ಮೇಲಿನ ಒಂದೂವರೆ ಮೀಟರ್. ಅಲ್ಲಿ 12 ಎಂಎಂ ಕಂಬಿ 95 ಮಿಲಿಮೀಟರಿಗೊಂದರಂತೆ ಬರುತ್ತದೆ. ಇದು ಒಳ್ಳೆಯ ಪದ್ಧತಿ, ಭಾರತದ ಸಂಹಿತೆಯಂತೆ ವಿನ್ಯಾಸ ಮಾಡುವವರೂ ಅನುಸರಿಸಬಹುದು.

ಅಂಚಿನ ಕಂಬಗಳಲ್ಲಿ ಇಷ್ಟು ಧಾರಾಳ ಸಲ್ಲದು. ಅಲ್ಲಿ ಸ್ಲ್ಯಾಬಿನ ಮೊಮೆಂಟ್ ಕಂಬದೊಳಗೆ ಇಳಿಯಬೇಕು, ಆಚೆ ಬದಿಯಲ್ಲಿ ಅದನ್ನು ಹಿಡಿಯಲು ಇನ್ನೊಂದು ಅಂಕಣವಿಲ್ಲ. ಬಗ್ಗುವಿಕೆಯಿಂದ ಕಂಬಕ್ಕೆ ದಾಟುವ ಪಾಲಿಗೆ ಐಎಸ್ 456 ಒಪ್ಪುವುದು ಕಂಬದ ಅಗಲಕ್ಕೆ ಎರಡೂ ಕಡೆ ಸ್ಲ್ಯಾಬಿನ ದಪ್ಪದ ಒಂದೂವರೆ ಪಟ್ಟು ಸೇರಿಸಿದಷ್ಟು ಜಾಗವನ್ನು ಮಾತ್ರ. ಈ ಉದಾಹರಣೆಯಲ್ಲಿ ಅದು 1050 ಮಿಲಿಮೀಟರ್. ಅದರಾಚೆಗೆ ಹಾಕಿದ ಕಂಬಿ ಈ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಕೊನೆಯದಾಗಿ, ಮೊಮೆಂಟಿನ ಮೊನೆಯನ್ನು ಸರಾಸರಿ ಮಾಡಿದಂತೆ ಪಂಚಿಂಗ್ ಶಿಯರನ್ನು ಮಾಡಲಾಗದು. ಕಂಬ ಸ್ಲ್ಯಾಬನ್ನು ತೂತು ಕೊರೆದು ಮೇಲೆ ಬರುವ ಈ ಸೋಲು ಮುನ್ಸೂಚನೆಯಿಲ್ಲದೆ ಆಗುವಂಥದ್ದು, ಸಹಾಯಕ್ಕೆ ಸರಿದು ಬರಲು ಪಕ್ಕದ ಕಾಂಕ್ರೀಟಿಗೆ ಸಮಯವೇ ಇರುವುದಿಲ್ಲ. ಅದನ್ನು ನಕ್ಷೆಯ ಬಣ್ಣದಿಂದ ಓದದೆ ಕಂಬದ ಪ್ರತಿಕ್ರಿಯೆಯಿಂದ ಕೈಯಲ್ಲೇ ಲೆಕ್ಕ ಹಾಕಬೇಕು. ಕಂಬಿಯ ಮಟ್ಟದವರೆಗಿನ ಆಳ 165 ಮಿಲಿಮೀಟರ್ ಎಂದರೆ, ಅದರ ಅರ್ಧ ದೂರದಲ್ಲಿ ಕಂಬದ ಸುತ್ತ ಎಳೆದ ಚೌಕದ ಸುತ್ತಳತೆ 2460 ಮಿಲಿಮೀಟರ್. ಅದರ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ 1.32 ನ್ಯೂಟನ್. ಎಂ25 ಕಾಂಕ್ರೀಟಿಗೆ ಸಂಹಿತೆ ಒಪ್ಪುವುದು 1.25. ಅಂದರೆ ಬಗ್ಗುವಿಕೆಯಲ್ಲಿ ಸಲೀಸಾಗಿ ಪಾಸಾದ ಇದೇ ಸ್ಲ್ಯಾಬ್ ಪಂಚಿಂಗಿನಲ್ಲಿ ನಪಾಸು. ಕಾಂಕ್ರೀಟನ್ನು ಎಂ30 ಮಾಡಿದರೆ ಮಿತಿ 1.37ಕ್ಕೆ ಏರಿ ಸ್ಲ್ಯಾಬ್ ಅಷ್ಟಕ್ಕಷ್ಟೇ ಉಳಿಯುತ್ತದೆ. ಪಕ್ಕದ ಅಂಕಣಗಳ ಭಾರದಲ್ಲಿ ಏರುಪೇರಿದ್ದರೆ ಅದೂ ಸಾಲದು, ಕಂಬದ ಸುತ್ತ ಸ್ಲ್ಯಾಬಿನ ದಪ್ಪ ಹೆಚ್ಚಿಸಿ ಡ್ರಾಪ್ ಕೊಡಬೇಕು ಅಥವಾ ಶಿಯರ್ ಕಂಬಿ ಕಟ್ಟಬೇಕು.